ರಿಮೋಟಿಗೆ ಕನ್ನಡದಲ್ಲಿ ಹೇಳಿದರೆ ಟಿ.ವಿ. ಏನನ್ನು ಹುಡುಕಿಕೊಡುತ್ತದೆ?



ನಮ್ಮ ತಾಳವಾಡಿ ಸೀಮೆಯ ಮನೆಗಳಿಗೆ ಟಿ.ವಿ. ಬಂದ ಬಗೆಯನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. 2006ರಿಂದ 2011ರವರೆಗೆ ತಮಿಳುನಾಡು ಸರ್ಕಾರ ಬಣ್ಣದ ಟಿ.ವಿ.ಗಳನ್ನು ಉಚಿತವಾಗಿ ಹಂಚಿತು. ಅನೇಕ ಮನೆಗಳಿಗೆ ಅದೇ ಮೊದಲ ಟಿ.ವಿ. ಆ ಟಿ.ವಿ.ಯ ರಿಮೋಟಿನಲ್ಲಿ ಅಂಕಿಗಳಿದ್ದುವು. ಅಕ್ಷರ ಬಾರದ ಅಜ್ಜಿಯರು ಕೂಡ ‘ಮೇಲಿನಿಂದ ಎರಡನೆಯ ಸಾಲು, ನಡುವಿನ ಗುಂಡಿ’ ಎಂದು ಜಾಗದ ಗುರುತಿನಿಂದ ತಮಗೆ ಬೇಕಾದ ಚಾನೆಲ್ ಹಾಕಿಕೊಳ್ಳುತ್ತಿದ್ದರು. ಈಗ ಮನೆಗೆ ಬರುವ ಹೊಸ ಟಿ.ವಿ.ಗಳ ರಿಮೋಟಿನಲ್ಲಿ ಅಂಕಿಗಳೇ ಇರುವುದು ಕಡಿಮೆ. ಅವುಗಳ ಬದಲು ಮೈಕಿನ ಚಿತ್ರವಿರುವ ಒಂದು ಗುಂಡಿ ಇದೆ. ಬೇಕಾದುದನ್ನು ಬಾಯಲ್ಲಿ ಹೇಳಬೇಕು. ಓದು ಬರಹ ಬಲ್ಲವರು ಪರದೆಯ ಮೇಲೆ ಒಂದೊಂದೇ ಅಕ್ಷರವನ್ನು ಒತ್ತಿಯಾದರೂ ಹುಡುಕಬಹುದು. ಬಾರದವರಿಗೆ ಮೈಕಿನ ಗುಂಡಿಯೊಂದೇ ದಾರಿ. ಆ ಗುಂಡಿ ಕನ್ನಡದಲ್ಲಿ ಹೇಳಿದ್ದನ್ನು ಎಷ್ಟರಮಟ್ಟಿಗೆ ಹುಡುಕಿಕೊಡುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮಾತು ಹೋಗುವ ದಾರಿ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಟಿ.ವಿ. ನಮ್ಮ ಮಾತನ್ನು ಕೇಳಿ, ಅದರ ಅರ್ಥವನ್ನು ಯೋಚಿಸಿ, ಸಿನಿಮಾ ತಂದುಕೊಡುತ್ತದೆ ಎಂದು ನಾವು ತಿಳಿಯುತ್ತೇವೆ. ಹುಡುಕುವ ಕೆಲಸ ಸಾಮಾನ್ಯವಾಗಿ ಹಾಗೆ ನಡೆಯುವುದಿಲ್ಲ. ಅದು ಮೂರು ಹಂತಗಳಲ್ಲಿ ನಡೆಯುತ್ತದೆ.

ಮೊದಲನೆಯದು ಕೇಳುವ ಹಂತ. ರಿಮೋಟಿನ ತುದಿಯಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ರಂಧ್ರವಿದೆ; ಅದರ ಹಿಂದೆ ಮೈಕ್ ಇದೆ. ಅಲ್ಲಿ ಹಿಡಿದ ದನಿ ಬ್ಲೂಟೂತ್ ಮೂಲಕ ಟಿ.ವಿ.ಗೆ ಹೋಗುತ್ತದೆ, ಟಿ.ವಿ.ಯಿಂದ ಇಂಟರ್‌ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಹೋಗುತ್ತದೆ. ಎರಡನೆಯದು ಬರೆಯುವ ಹಂತ. ಆ ಕಂಪ್ಯೂಟರು ದನಿಯನ್ನು ಅಕ್ಷರಕ್ಕೆ ಇಳಿಸಿ ಒಂದು ಸಾಲು ಬರೆಯುತ್ತದೆ. ಆ ಸಾಲು ನಮ್ಮ ಟಿ.ವಿ. ಪರದೆಯ ಮೇಲೆ ಕಾಣಿಸುತ್ತದೆ. ಮೂರನೆಯದು ಹುಡುಕುವ ಹಂತ. ಬರೆದ ಸಾಲಿನಲ್ಲಿರುವ ಪದಗಳನ್ನು ಸಿನಿಮಾ ಹಾಡುಗಳ ಪಟ್ಟಿಯಲ್ಲಿರುವ ಹೆಸರುಗಳೊಡನೆ ಹೊಂದಿಸಿ ನೋಡಲಾಗುತ್ತದೆ.

ಇದರಿಂದ ತಿಳಿಯಬೇಕಾದುದು ಇಷ್ಟು: ಹುಡುಕಾಟ ನಡೆಯುವುದು ನಾವು ಆಡಿದ ಮಾತಿನ ಮೇಲಲ್ಲ, ಯಂತ್ರ ಬರೆದುಕೊಂಡ ಸಾಲಿನ ಮೇಲೆ. ನಾವು ತರಗತಿಯಲ್ಲಿ ಉಕ್ತಲೇಖನ ಕೊಡುತ್ತೇವಲ್ಲ, ಹಾಗೆಯೇ. ಉಕ್ತಲೇಖನದಲ್ಲಿ ಒಂದು ಪದ ತಪ್ಪಾದರೆ ಮುಂದಿನ ಅರ್ಥವೆಲ್ಲ ತಪ್ಪಾಗುತ್ತದೆ. ಆದುದರಿಂದ ರಿಮೋಟಿಗೆ ಹೇಳಿದ ಕೂಡಲೆ ನಮ್ಮ ಕಣ್ಣು ಕೆಳಗಿನ ಚಿತ್ರಗಳ ಕಡೆಗೆ ಹೋಗಬಾರದು. ಮೇಲೆ ಬರೆದ ಸಾಲಿನ ಕಡೆಗೆ ಹೋಗಬೇಕು.

ಈ ಉಕ್ತಲೇಖನ ಯಾವ ಭಾಷೆಯಲ್ಲಿ ನಡೆಯಬೇಕೆಂಬುದನ್ನು ಮೊದಲೇ ಗೊತ್ತುಮಾಡಿರಬೇಕು. 2017ರ ಆಗಸ್ಟ್ ತಿಂಗಳಲ್ಲಿ ಗೂಗಲ್ ಸಂಸ್ಥೆ ತನ್ನ ಧ್ವನಿ ಬರವಣಿಗೆಗೆ ಕನ್ನಡ, ತಮಿಳು, ತೆಲುಗು, ಮಲಯಾಳಂ ಮೊದಲಾದ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿತು. ಅಮೆಜಾನ್ ಸಂಸ್ಥೆಯ ಅಲೆಕ್ಸಾ ಭಾರತದಲ್ಲಿ ಇಂಗ್ಲಿಷಿನಿಂದ ಆರಂಭವಾಗಿ 2019ರಲ್ಲಿ ಹಿಂದಿಯನ್ನು ಕಲಿಯಿತು. ಹೀಗಾಗಿ ಎಲ್ಲ ರಿಮೋಟುಗಳೂ ಒಂದೇ ಭಾಷೆಗಳನ್ನು ಬಲ್ಲವಲ್ಲ. ಫೋನಿನಲ್ಲಿ ಕನ್ನಡ ಕೇಳಿಸಿಕೊಳ್ಳುವ ವ್ಯವಸ್ಥೆ ಇದ್ದ ಮಾತ್ರಕ್ಕೆ ಟಿ.ವಿ.ಯಲ್ಲಿಯೂ ಇದೆ ಎಂದು ನಂಬುವಂತಿಲ್ಲ, ಟಿ.ವಿ.ಯನ್ನೇ ಪರೀಕ್ಷಿಸಿ ನೋಡಬೇಕು.

ಪರೀಕ್ಷೆ ಸುಲಭವಾದುದು. ಗುಂಡಿ ಒತ್ತಿ ‘ಬಂಗಾರದ ಮನುಷ್ಯ’ ಎಂದು ಹೇಳಿರಿ. ಪರದೆಯ ಮೇಲೆ ಕನ್ನಡ ಅಕ್ಷರಗಳಲ್ಲಿ ಆ ಹೆಸರು ಮೂಡಿದರೆ ಯಂತ್ರ ಕನ್ನಡದಲ್ಲಿ ಕೇಳುತ್ತಿದೆ ಎಂದರ್ಥ. Bangarada Manushya ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬಂದರೆ ಅದು ಕೇಳುತ್ತಿರುವುದು ಇಂಗ್ಲಿಷಿನಲ್ಲಿ. ಆದರೆ 1972ರ ಆ ಪ್ರಸಿದ್ಧ ಚಿತ್ರದ ಹೆಸರು ಅದಕ್ಕೆ ಮೊದಲೇ ಗೊತ್ತಿದೆ. ಯಾವುದೋ ಸಂಬಂಧವಿಲ್ಲದ ಇಂಗ್ಲಿಷ್ ಪದಗಳು ಬಂದರೆ ಅದು ಕನ್ನಡದ ದನಿಗೆ ಇಂಗ್ಲಿಷಿನ ಪದಗಳನ್ನು ಹೊಂದಿಸಲು ಹೆಣಗುತ್ತಿದೆ ಎಂದು ತಿಳಿಯಬೇಕು. ಎರಡನೆಯ ಸ್ಥಿತಿ ಮೋಸಗೊಳಿಸುವಂಥದು. ಪ್ರಸಿದ್ಧ ಹೆಸರುಗಳು ಸರಿಯಾಗಿ ಬರುವುದರಿಂದ ಕನ್ನಡ ತಿಳಿಯುತ್ತದೆ ಎಂದೇ ನಾವು ಭಾವಿಸುತ್ತೇವೆ. ಅಪರೂಪದ ಹೆಸರು ಹೇಳಿದಾಗ ಮಾತ್ರ ಗುಟ್ಟು ಹೊರಬೀಳುತ್ತದೆ.

ಒಂದು ಮನೆಯಲ್ಲಿ ನಡೆದ ಹುಡುಕಾಟ

ಗಾಜನೂರಿನ ಕಡೆಯಿಂದ ನಮ್ಮ ಶಾಲೆಗೆ ಬರುವ ಹತ್ತನೆಯ ತರಗತಿಯ ಒಬ್ಬ ಹುಡುಗಿ ಒಂದು ದಿನ, “ಹೊಸ ಟಿ.ವಿ. ನಮ್ಮಜ್ಜಿ ಮಾತು ಕೇಳೋದೇ ಇಲ್ಲ” ಎಂದಳು. ಗಾಜನೂರು ವರನಟ ಡಾ. ರಾಜ್‌ಕುಮಾರರ ಊರೆಂಬುದು ನಿಮಗೆಲ್ಲ ಗೊತ್ತು. ಆ ಅಜ್ಜಿಯ ಆಸೆಯೂ ಅವರ ಒಂದು ಸಿನಿಮಾ ನೋಡುವುದೇ ಆಗಿತ್ತು. ಚಿಕ್ಕಂದಿನಲ್ಲಿ ಟೆಂಟಿನಲ್ಲಿ ನೋಡಿದ್ದಂತೆ. ಹೆಸರು ನೆನಪಿಲ್ಲ. ನಾವು ಒಂದು ಭಾನುವಾರ ಅವರ ಮನೆಗೆ ಹೋದೆವು.

ಹುಡುಗಿ ರಿಮೋಟನ್ನು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಗುಂಡಿ ಒತ್ತಿ, “ಅದೇ ಕನ ಕೂಸೆ...” ಎಂದು ಒಂದು ಗಳಿಗೆ ಯೋಚಿಸಿ, “ಶಿವುಂಗೆ ಕಣ್ಣು ಕಿತ್ಕೊಡ್ತಾನಲ್ಲ, ರಾಜ್‌ಕುಮಾರ್ದು” ಎಂದರು. ಅಷ್ಟರಲ್ಲಿ ಟಿ.ವಿ. ಕೇಳುವುದನ್ನು ನಿಲ್ಲಿಸಿ ಆಗಿತ್ತು. ಒಂದೆರಡು ಕ್ಷಣ ಮೌನವಾದರೆ ಮಾತು ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಪರದೆಯ ಮೇಲೆ ಅರ್ಥವಿಲ್ಲದ ಮೂರು ಇಂಗ್ಲಿಷ್ ಪದಗಳು ಬಂದಿದ್ದುವು. “ನನ್ ಬಾಯೇ ಸರಿಯಿಲ್ಲ ಮೇಷ್ಟ್ರೆ” ಎಂದು ಅಜ್ಜಿ ರಿಮೋಟನ್ನು ಕೆಳಗಿಟ್ಟುಬಿಟ್ಟರು.

“ಬಾಯಿ ಸರಿಯಾಗೇ ಇದೆ ಅಜ್ಜಿ, ಅದು ಇಂಗ್ಲಿಷಿನಲ್ಲಿ ಕೇಳ್ತಾ ಇದೆ ಅಷ್ಟೆ” ಎಂದು ನಾವು ಟಿ.ವಿ.ಯ Settings ತೆರೆದೆವು. ಅದರೊಳಗೆ System, ಅದರೊಳಗೆ Language ಇತ್ತು. ಭಾಷೆಗಳ ಪಟ್ಟಿಯಲ್ಲಿ ಬಹಳ ಕೆಳಗೆ ಕನ್ನಡವಿತ್ತು. ಅದನ್ನು ಆರಿಸಿದ ಕೂಡಲೆ ಪರದೆಯ ಬರಹವೆಲ್ಲ ಕನ್ನಡವಾಯಿತು. ಇಲ್ಲಿ ಒಂದು ಎಚ್ಚರಿಕೆ. ಕೆಲವು ಟಿ.ವಿ.ಗಳಲ್ಲಿ ಬರಹದ ಭಾಷೆ ಬದಲಾದರೂ ಕೇಳುವ ಭಾಷೆ ಬದಲಾಗುವುದಿಲ್ಲ. ಆದ್ದರಿಂದ ‘ಬಂಗಾರದ ಮನುಷ್ಯ’ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಈ ಮನೆಯ ಟಿ.ವಿ.ಯಲ್ಲಿ ಎರಡೂ ಬದಲಾಗಿದ್ದುವು.

ಈಗ ಹುಡುಗಿ “ರಾಜ್‌ಕುಮಾರ್ ಸಿನಿಮಾ” ಎಂದಳು. ಮೇಲಿನ ಸಾಲು ಕನ್ನಡದಲ್ಲಿ ಸರಿಯಾಗಿಯೇ ಬಂತು. ಆದರೆ ಕೆಳಗೆ ಬಂದ ಚಿತ್ರಗಳು ಕಲಸುಮೇಲೋಗರವಾಗಿದ್ದುವು. ಏಕೆಂದರೆ ಆ ಹೆಸರಿನವರು ಒಬ್ಬರಲ್ಲ. ಹಿಂದಿಯಲ್ಲಿ ರಾಜ್‌ಕುಮಾರ್ ಎಂಬ ಹಳೆಯ ನಟರಿದ್ದರು. ಈಗ ರಾಜ್‌ಕುಮಾರ್ ರಾವ್ ಎಂಬ ನಟರಿದ್ದಾರೆ. 1964ರಲ್ಲಿ ‘ರಾಜಕುಮಾರ್’ ಎಂಬ ಹಿಂದಿ ಚಿತ್ರ ಬಂದಿತ್ತು. ಕನ್ನಡದಲ್ಲಿಯೇ 2017ರಲ್ಲಿ ಪುನೀತ್ ರಾಜ್‌ಕುಮಾರ್ ಅಭಿನಯಿಸಿದ ‘ರಾಜಕುಮಾರ’ ಬಂತು. ಇಲ್ಲಿ ಕೇಳುವುದೂ ಬರೆಯುವುದೂ ಸರಿಯಾಗಿದೆ. ನಾವು ಕೊಟ್ಟ ಗುರುತು ಸಾಲದಾಗಿದೆ. ಮನುಷ್ಯನಿಗಾದರೆ ಗಾಜನೂರಿನ ಪಕ್ಕದಲ್ಲಿ ಕುಳಿತು ಯಾವ ರಾಜ್‌ಕುಮಾರ್ ಎಂದು ಹೇಳಬೇಕಾಗಿಲ್ಲ. ಯಂತ್ರಕ್ಕೆ ಹೇಳಲೇಬೇಕು.

ಮುಂದೆ ಅಜ್ಜಿ ಹೇಳಿದ ಕಥೆಯನ್ನೇ ಹಿಡಿದು ಹುಡುಗಿ, “ಶಿವನಿಗೆ ಕಣ್ಣು ಕೊಡುವ ಸಿನಿಮಾ” ಎಂದಳು. ಸಾಲು ಸರಿಯಾಗಿ ಬಂತು. ಬಂದ ವಿಡಿಯೋಗಳಲ್ಲಿ ಶಿವನ ಭಕ್ತಿಗೀತೆಗಳಿದ್ದುವು, ಹರಿಕಥೆಯಂಥ ಪ್ರವಚನಗಳಿದ್ದುವು, ನೇತ್ರದಾನದ ವಿಷಯವಾಗಿಯೂ ಒಂದಿತ್ತು. ‘ಶಿವ’, ‘ಕಣ್ಣು’, ‘ಕೊಡು’ ಎಂಬ ಪದಗಳು ಎಲ್ಲೆಲ್ಲಿ ಇದ್ದುವೋ ಅವೆಲ್ಲ ಬಂದವು. ಸಿನಿಮಾದ ಕಥೆ ನಮ್ಮ ನೆನಪಿನಲ್ಲಿರುತ್ತದೆ. ಪಟ್ಟಿಯಲ್ಲಿರುವುದು ಅದರ ಹೆಸರು. ಕಥೆ ಹೇಳಿ ಸಿನಿಮಾ ಕೇಳಿದರೆ ಕೆಲವೊಮ್ಮೆ ಸಿಕ್ಕೀತು, ಆದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಕಥೆ ಕೇಳಿದಾಗಲೇ ಅದು ಕಣ್ಣಪ್ಪನ ಕಥೆಯೆಂದು ನಮಗೆ ತಿಳಿದಿತ್ತು. ಹುಡುಗಿಗೂ ಪಾಠದಲ್ಲಿ ಕೇಳಿದ ನೆನಪಿತ್ತು. “ಕಣ್ಣಪ್ಪ” ಎಂದಳು. ಈ ಸಲ 2025ರಲ್ಲಿ ತೆರೆಕಂಡ ತೆಲುಗಿನ ‘ಕಣ್ಣಪ್ಪ’ ಚಿತ್ರದ ತುಣುಕುಗಳು ಸಾಲುಸಾಲಾಗಿ ಬಂದವು. ಅಜ್ಜಿ, “ಇವ್ರಲ್ಲ ಕನ ಕೂಸೆ” ಎಂದರು. ಈ ಕಥೆಯ ಮೇಲೆ ಅನೇಕ ಚಿತ್ರಗಳು ಬಂದಿವೆ. ರಾಜ್‌ಕುಮಾರರು ಮೊದಲ ಬಾರಿಗೆ ನಾಯಕರಾಗಿ ಅಭಿನಯಿಸಿದ, ಎಚ್.ಎಲ್.ಎನ್. ಸಿಂಹರ ನಿರ್ದೇಶನದ ‘ಬೇಡರ ಕಣ್ಣಪ್ಪ’ 1954ರದು. ತೆಲುಗಿನ ‘ಭಕ್ತ ಕಣ್ಣಪ್ಪ’ 1976ರದು. ಶಿವರಾಜ್‌ಕುಮಾರ್ ಅಭಿನಯದ ‘ಶಿವ ಮೆಚ್ಚಿದ ಕಣ್ಣಪ್ಪ’ 1988ರದು. ಒಂದೇ ಹೆಸರಿಗೆ ಹಲವು ಚಿತ್ರಗಳಿದ್ದಾಗ ಹೊಸದೂ ಹೆಚ್ಚು ಜನ ನೋಡುತ್ತಿರುವುದೂ ಮುಂದೆ ಬರುವುದು ವಾಡಿಕೆ. ಎಪ್ಪತ್ತು ವರ್ಷ ಹಿಂದಿನ ಚಿತ್ರ ತಾನಾಗಿ ಮೇಲೆ ಬರುವುದಿಲ್ಲ. ಅದನ್ನು ಪೂರ್ತಿ ಹೆಸರು ಹಿಡಿದು ಕರೆಯಬೇಕು.

ಕೊನೆಗೆ ಹುಡುಗಿ ಒಂದೇ ಉಸಿರಿನಲ್ಲಿ, ನಡುವೆ ನಿಲ್ಲಿಸದೆ, “ಬೇಡರ ಕಣ್ಣಪ್ಪ ಕನ್ನಡ ಸಿನಿಮಾ ರಾಜ್‌ಕುಮಾರ್” ಎಂದಳು. ಕಪ್ಪುಬಿಳುಪಿನ ಚಿತ್ರಗಳು ಬಂದವು. ಅಜ್ಜಿ ಮುಖ ನೋಡಿಯೇ “ಇವ್ರೇ” ಎಂದರು. ಆದರೆ ಮೊದಲಲ್ಲಿ ಇದ್ದುದು ನಾಲ್ಕು ನಿಮಿಷದ ಹಾಡು. ಪೂರ್ತಿ ಸಿನಿಮಾ ಯಾವುದೆಂದು ತಿಳಿಯಲು ಚಿತ್ರದ ಮೂಲೆಯಲ್ಲಿರುವ ಅವಧಿಯನ್ನು ನೋಡಬೇಕು. ಎರಡು ಗಂಟೆಗೂ ಮೇಲ್ಪಟ್ಟದ್ದು ಪೂರ್ತಿ ಸಿನಿಮಾ ಇರಬಹುದು. ಕೆಲವೇ ನಿಮಿಷಗಳದ್ದು ತುಣುಕು. ಅದು ಅಜ್ಜಿಗೂ ಕಲಿಯಲು ಸಾಧ್ಯವಾದ ಗುರುತು: ಅಂಕಿಗಳ ನಡುವೆ ಒಂದು ಜೊತೆ ಚುಕ್ಕಿ ಇದ್ದರೆ ಚಿಕ್ಕದು, ಎರಡು ಜೊತೆ ಚುಕ್ಕಿ ಇದ್ದರೆ ಗಂಟೆ ದಾಟಿದ್ದು.

ಸಿನಿಮಾ ಹಾಕುವ ಮೊದಲು ಅಜ್ಜಿಯಿಂದಲೇ ಒಮ್ಮೆ ಹೇಳಿಸಿದೆವು. ಅವರು “ಬ್ಯಾಡರ ಕಣ್ಣಪ್ಪ, ರಾಜ್‌ಕುಮಾರ್” ಎಂದರು. ಯಂತ್ರ ಬರೆದದ್ದು ‘ಬೇಡ ಕಣ್ಣಪ್ಪ ರಾಜ್‌ಕುಮಾರ್’ ಎಂದು. ಆದರೂ ಅದೇ ಸಿನಿಮಾ ಸಿಕ್ಕಿತು. ಒಂದು ಪದ ಕೆಟ್ಟರೂ ಉಳಿದ ಎರಡು ಹೆಸರುಗಳು ಜೊತೆಯಾಗಿ ಬರುವ ಚಿತ್ರಗಳು ಕಡಿಮೆಯಾದುದರಿಂದ ಹುಡುಕಾಟ ದಾರಿ ತಪ್ಪಲಿಲ್ಲ.

ನಮ್ಮ ಸೀಮೆಯ ಮಾತು ಮತ್ತು ಯಂತ್ರದ ಕಿವಿ

ಅಜ್ಜಿಯ ‘ಬ್ಯಾಡರ’ ಎಂಬುದು ತಪ್ಪು ಕನ್ನಡವಲ್ಲ. ತಾಳವಾಡಿ, ಚಾಮರಾಜನಗರದ ಕಡೆಯ ಆಡುಮಾತಿನಲ್ಲಿ ‘ಬೇಡ’ ‘ಬ್ಯಾಡ’ ಆಗುತ್ತದೆ, ‘ಹಾಲು’ ‘ಆಲು’ ಆಗುತ್ತದೆ. ಯಂತ್ರವು ಅನೇಕರ ಮಾತಿನ ಮಾದರಿಗಳಿಂದ ಕಲಿತಿದೆ. ಆ ಮಾದರಿಗಳಲ್ಲಿ ಯಾವ ಬಗೆಯ ಮಾತು ಹೆಚ್ಚಾಗಿದೆಯೋ ಅದನ್ನು ಚೆನ್ನಾಗಿ ಗುರುತಿಸುತ್ತದೆ. ಉಳಿದದ್ದನ್ನು ತನಗೆ ಗೊತ್ತಿರುವ ಪದಗಳ ಕಡೆಗೆ ಎಳೆಯುತ್ತದೆ.

ಇದರಲ್ಲಿ ಹಕಾರ ಬಿಡುವುದು ಹೆಚ್ಚು ತೊಂದರೆ ಕೊಡುತ್ತದೆ. ‘ಹಾಡು’ ಎಂಬುದನ್ನು ‘ಆಡು’ ಎಂದರೆ ಅದೂ ಒಂದು ಪೂರ್ಣ ಪದ. ಮೇಕೆ ಎಂಬ ಅರ್ಥವೂ ಉಂಟು, ಆಟವಾಡು ಎಂಬ ಅರ್ಥವೂ ಉಂಟು. “ಆಡು” ಎಂದಷ್ಟೇ ಹೇಳಿದರೆ ಯಂತ್ರಕ್ಕೆ ಮೇಕೆಯೋ ಸಂಗೀತವೋ ಎಂದು ತಿಳಿಯಲು ಆಧಾರವಿಲ್ಲ. “ಮಯೂರ ಸಿನಿಮಾ ಆಡು” ಎಂದರೆ ಅಕ್ಕಪಕ್ಕದ ಪದಗಳಿಂದ ಅದು ‘ಹಾಡು’ ಇರಬೇಕೆಂದು ಊಹಿಸುವ ಸಂಭವ ಹೆಚ್ಚು. ಓದುವಾಗ ಒಂದು ಅಕ್ಷರ ಅಳಿಸಿಹೋಗಿದ್ದರೆ ನಾವು ಹಿಂದಿನ ಮುಂದಿನ ಪದಗಳಿಂದ ಊಹಿಸುವುದಿಲ್ಲವೆ? ಯಂತ್ರವೂ ಹಾಗೆಯೇ ಮಾಡುತ್ತದೆ. ಆದುದರಿಂದ ಅಜ್ಜಿಯರಿಗೆ ‘ಸರಿಯಾಗಿ ಉಚ್ಚರಿಸು’ ಎಂದು ಹೇಳುವುದಕ್ಕಿಂತ ‘ಇನ್ನೊಂದು ಹೆಸರು ಜೊತೆಗೆ ಸೇರಿಸು’ ಎಂದು ಹೇಳುವುದೇ ಲೇಸು.

ನಮ್ಮ ಬೆಟ್ಟದ ಸೋಲಿಗರ ಮಾತಿನ ವಿಷಯ ಬೇರೆ. ಅದು ಭಾಷೆಗಳ ಪಟ್ಟಿಯಲ್ಲಿಯೇ ಇಲ್ಲ. ಸೋಲಿಗರ ಮಕ್ಕಳು ರಿಮೋಟಿಗೆ ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಹೇಳಬೇಕಾಗುತ್ತದೆ. ತಮಿಳು ಸಿನಿಮಾ ಬೇಕಾದಾಗಲೂ ಒಂದು ಮಾತು ನೆನಪಿರಲಿ: ಕೇಳುವ ಭಾಷೆ ಕನ್ನಡವಾಗಿದ್ದರೆ ತಮಿಳಿನ ಹೆಸರನ್ನೂ ಯಂತ್ರ ಕನ್ನಡ ಅಕ್ಷರದಲ್ಲಿ ಬರೆಯುತ್ತದೆ. ಪ್ರಸಿದ್ಧ ಚಿತ್ರವಾದರೆ ಸಿಗುತ್ತದೆ. ಅಪರೂಪದ್ದಾದರೆ ಸಿಗದೆ ಹೋಗಬಹುದು.

ಎಲ್ಲಿ ತಪ್ಪಿತೆಂದು ತಿಳಿಯುವುದು ಹೇಗೆ?

ಮೇಲಿನ ಮೂರು ಹಂತಗಳನ್ನು ನೆನಪಿಟ್ಟರೆ ತಪ್ಪಿದ ಜಾಗವನ್ನು ಕಂಡುಹಿಡಿಯುವುದು ಕಷ್ಟವಲ್ಲ.

ಗುಂಡಿ ಒತ್ತಿದರೂ ಪರದೆಯ ಮೇಲೆ ಏನೂ ಬಾರದಿದ್ದರೆ ತೊಂದರೆ ರಿಮೋಟಿನದು. ಹಳೆಯ ರಿಮೋಟ್ ಒಡೆದುಹೋಗಿ ಅಂಗಡಿಯಿಂದ ಅಗ್ಗದ ಬದಲಿ ತಂದಾಗ ಹೀಗಾಗುವುದುಂಟು. ದನಿ ಹೆಚ್ಚುಕಡಿಮೆ ಮಾಡುವ ಗುಂಡಿಗಳು ಕಣ್ಣಿಗೆ ಕಾಣದ ಬೆಳಕಿನ ಕಿರಣದಿಂದ ಕೆಲಸ ಮಾಡಬಲ್ಲವು; ಆದರೆ ಮೈಕಿಗೆ ಬ್ಲೂಟೂತ್ ಬೇಕು. ಬದಲಿ ರಿಮೋಟಿನಲ್ಲಿ ಬ್ಲೂಟೂತ್ ಇಲ್ಲದಿದ್ದರೆ ಮೈಕ್ ಎಂದಿಗೂ ಕೆಲಸ ಮಾಡದು. ಇದ್ದರೆ Settings ಒಳಗಿನ Remotes & Accessories ಎಂಬಲ್ಲಿ ಅದನ್ನು ಟಿ.ವಿ.ಗೆ ಹೊಸದಾಗಿ ಜೋಡಿಸಬೇಕು.

ಕೇಳುವ ಗುರುತು ಬಂದು, ಎಷ್ಟು ಹೊತ್ತಾದರೂ ಸಾಲು ಮೂಡದಿದ್ದರೆ ಇಂಟರ್‌ನೆಟ್ ನೋಡಬೇಕು. ಕಾಡಂಚಿನ ನಮ್ಮ ಊರುಗಳಲ್ಲಿ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಕೇಬಲ್ಲಿನ ಚಾನೆಲ್ ಚೆನ್ನಾಗಿ ಬರುತ್ತಿದ್ದರೂ ಇಂಟರ್‌ನೆಟ್ ಇಲ್ಲದಿದ್ದರೆ ಈ ಹುಡುಕಾಟ ನಡೆಯದು. ಇನ್ನೊಂದು ವಿಷಯ: ಕೇಬಲ್ ಪೆಟ್ಟಿಗೆ ಬೇರೆ, ಟಿ.ವಿ. ಬೇರೆ. ಟಿ.ವಿ.ಯ ರಿಮೋಟಿಗೆ ಚಾನೆಲ್ ಹೆಸರು ಹೇಳಿದರೆ ಕೇಬಲ್ ಪೆಟ್ಟಿಗೆಯ ಚಾನೆಲ್ ಸಾಮಾನ್ಯವಾಗಿ ಬದಲಾಗುವುದಿಲ್ಲ.

ಸಾಲು ಮೂಡಿ, ಅದು ತಪ್ಪಾಗಿದ್ದರೆ ಕೇಳುವ ಭಾಷೆಯನ್ನು ನೋಡಿ. ಭಾಷೆ ಸರಿಯಿದ್ದರೆ ರಿಮೋಟನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ಮೊದಲೇ ಯೋಚಿಸಿಕೊಂಡು ತಡವರಿಸದೆ ಹೇಳಿ.

ಸಾಲು ಸರಿಯಾಗಿದ್ದೂ ಬೇಕಾದುದು ಬಾರದಿದ್ದರೆ ಗಟ್ಟಿಯಾಗಿ ಕೂಗಿ ಫಲವಿಲ್ಲ. ಗುರುತು ಸಾಲದು, ಇಲ್ಲವೆ ಆ ಸಿನಿಮಾ ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿಗಳಲ್ಲಿಯೂ ಭೇದವಿದೆ. ಕೆಲವು ಆ್ಯಪ್‌ಗಳಲ್ಲಿ ಕನ್ನಡ ಚಿತ್ರದ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ಬರೆದಿರುತ್ತಾರೆ. ಅಲ್ಲಿ ಕನ್ನಡ ಅಕ್ಷರದ ಸಾಲು ಹೊಂದದೆ ಹೋಗಬಹುದು. ಅಂಥ ಕಡೆ ಕೇಳುವ ಭಾಷೆಯನ್ನು ಇಂಗ್ಲಿಷಿಗೆ ಬದಲಾಯಿಸಿ ಅದೇ ಹೆಸರನ್ನು ಹೇಳಿ ನೋಡಬೇಕು. ಯೂಟ್ಯೂಬಿನಲ್ಲಿ ವಿಡಿಯೋ ಹಾಕುವವರು ಹಲವರು ಹೆಸರನ್ನು ಎರಡೂ ಅಕ್ಷರಗಳಲ್ಲಿ ಬರೆಯುವುದರಿಂದ ಎರಡು ಬಗೆಯಲ್ಲಿಯೂ ಸಿಗುವ ಸಂಭವ ಹೆಚ್ಚು.

ಏನನ್ನು ನೆಚ್ಚಬಹುದು, ಏನನ್ನು ನೆಚ್ಚಲಾಗದು?

ಚಿತ್ರದ ಪೂರ್ತಿ ಹೆಸರು, ಅದರೊಂದಿಗೆ ‘ಕನ್ನಡ ಸಿನಿಮಾ’ ಎಂಬ ಮಾತು, ನಟರ ಹೆಸರು ಅಥವಾ ವರ್ಷ ಇಷ್ಟಿದ್ದರೆ ನೆಚ್ಚಬಹುದು. ಹಾಡಿನ ಮೊದಲ ಎರಡು ಮೂರು ಪದಗಳನ್ನು ಚಿತ್ರದ ಹೆಸರಿನೊಂದಿಗೆ ಹೇಳಿದರೂ ಹೆಚ್ಚಾಗಿ ಸಿಗುತ್ತದೆ. ಹೆಸರಾಂತ ಗಾಯಕರ, ನಟರ, ಧಾರಾವಾಹಿಗಳ ಹೆಸರುಗಳು ಸಿಗುತ್ತವೆ.

ಕಥೆಯ ವಿವರಣೆ, ‘ನಿನ್ನೆ ನೋಡಿದ್ದು’ ಎಂಬಂಥ ಮಾತು, ಧಾರಾವಾಹಿಯ ಇಂಥ ದಿನದ ಸಂಚಿಕೆ, ನಮ್ಮ ಊರ ಹಬ್ಬದ ವಿಡಿಯೋ, ಒಂದೇ ಪದದ ಹೆಸರು ಇವನ್ನು ನೆಚ್ಚಲಾಗದು. ಸಿಕ್ಕರೆ ಅದೃಷ್ಟ. ಇನ್ನು ಹೆಸರು ಸಿಕ್ಕಿತೆಂದ ಮಾತ್ರಕ್ಕೆ ಸಿನಿಮಾ ಸಿಕ್ಕಿತೆಂದಲ್ಲ. ಕೆಲವಕ್ಕೆ ಚಂದಾ ಕಟ್ಟಬೇಕು. ಹಣ ಕೇಳುವ ಪರದೆ ಬಂದರೆ ಏನನ್ನೂ ಒತ್ತದೆ ಹಿಂದೆ ಬರುವುದನ್ನು ಅಜ್ಜಿ ತಾತಂದಿರಿಗೆ ಮೊದಲು ಕಲಿಸಿಕೊಡಿ.

ಆ ಮನೆಯ ಅಜ್ಜಿ ಈಗ ಮೂರು ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಪ್ರತಿಯೊಂದಕ್ಕೂ ಕೊನೆಯಲ್ಲಿ ‘ರಾಜ್‌ಕುಮಾರ್’ ಸೇರಿಸುತ್ತಾರೆ. ಮೊಮ್ಮಗಳು ಶಾಲೆಯಿಂದ ಬರುವವರೆಗೆ ಕಾಯುವುದಿಲ್ಲ.

ಅಭ್ಯಾಸ

1. ನಿಮ್ಮ ಮನೆಯ ಅಥವಾ ನೆರೆಮನೆಯ ಟಿ.ವಿ.ಯಲ್ಲಿ ‘ಬಂಗಾರದ ಮನುಷ್ಯ’ ಪರೀಕ್ಷೆ ಮಾಡಿರಿ. ಪರದೆಯ ಮೇಲೆ ಬಂದ ಸಾಲನ್ನು ಇದ್ದ ಹಾಗೆಯೇ ಬರೆದು, ಅದು ಮೂರರಲ್ಲಿ ಯಾವ ಸ್ಥಿತಿ ಎಂದು ತಿಳಿಸಿರಿ.

2. ಹಕಾರ ಬಿಟ್ಟು ಹೇಳಿದಾಗ ಬೇರೆ ಅರ್ಥ ಕೊಡುವ ಐದು ಪದಗಳನ್ನು ಪಟ್ಟಿಮಾಡಿರಿ. ಪ್ರತಿಯೊಂದಕ್ಕೂ ಅರ್ಥ ಸ್ಪಷ್ಟವಾಗುವಂತೆ ಪಕ್ಕದಲ್ಲಿ ಒಂದು ಪದ ಸೇರಿಸಿರಿ.

3. ನಿಮ್ಮ ಅಜ್ಜಿ ಅಥವಾ ತಾತನಿಗೆ ಹೆಸರು ಮರೆತಿರುವ ಒಂದು ಸಿನಿಮಾದ ಕಥೆಯನ್ನು ಕೇಳಿರಿ. ಅದರ ಹೆಸರನ್ನು ಹಿರಿಯರಿಂದ ವಿಚಾರಿಸಿ ತಿಳಿದು, ರಿಮೋಟಿಗೆ ಹೇಳಬೇಕಾದ ಸಾಲನ್ನು ಐದು ಪದ ಮೀರದಂತೆ ರಚಿಸಿರಿ.